ಕರಾವಳಿ ಊರಿನ ವಿಂಡ್ ರೋಸ್ ಓದುವುದು ಹೇಗೆ

ಸಕಲೇಶಪುರದ ಸಂತೆಯಲ್ಲಿ ಒಣಮೀನು ಮಾರುವ ಒಬ್ಬರು ನನಗೆ ಹಳೆಯ ಪರಿಚಯ. ಊರಿನವರೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಅವರು ಘಾಟಿಯ ಕೆಳಗೆ, ಕಡಲಿಗೆ ಹತ್ತಿರದ ಒಂದು ಸಣ್ಣ ಪಟ್ಟಣದಲ್ಲಿ ಜಾಗ ಗುತ್ತಿಗೆಗೆ ಹಿಡಿದರು. ನಡುವೆ ಹಳೆಯ ಹಂಚಿನ ಮನೆ, ಸುತ್ತ ಖಾಲಿ ನೆಲ. ಮನೆಯಲ್ಲಿ ಕೆಲಸದವರ ಸಂಸಾರ ಇರುತ್ತದೆ, ಹೊರಗೆ ಬಿದಿರಿನ ಅಟ್ಟಗಳ ಮೇಲೆ ಬಂಗುಡೆ, ಸೀಗಡಿ ಒಣಗುತ್ತವೆ. ಅಟ್ಟಗಳನ್ನು ಮನೆಯ ಯಾವ ಪಕ್ಕಕ್ಕೆ ಹಾಕಿದರೆ ವಾಸನೆ ಮನೆಗೆ ಕಡಿಮೆ ನುಗ್ಗುತ್ತದೆ ಎನ್ನುವುದು ಅವರ ಪ್ರಶ್ನೆ. ಯಾರೋ ಅವರ ಫೋನಿಗೆ ಆ ಊರಿನ ಒಂದು ವರ್ಷದ ಗಾಳಿಯ ದಿಕ್ಕು, ವೇಗಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ವಿಂಡ್ ರೋಸ್ ಕಳಿಸಿದ್ದರು. ಹೋಟೆಲಿನ ಮೇಜಿನ ಮೇಲೆ ಫೋನ್ ಇಟ್ಟು, "ಇದು ಏನೋ ಹೂವಿನ ಥರ ಇದೆ. ಉದ್ದದ ಎಸಳು ಎಡಕ್ಕೆ ಚಾಚಿದೆ. ಅಂದ್ರೆ ಗಾಳಿ ಕಡಲ ಕಡೆಗೆ ಹೋಗುತ್ತೆ ಅಂತ ತಾನೇ? ಅಟ್ಟ ಕಡಲ ಕಡೆಗೇ ಹಾಕಿಬಿಡ್ತೀನಿ" ಅಂದರು.

ಹಾಗೆ ಮಾಡಿದ್ದರೆ ವಾಸನೆಯೆಲ್ಲ ನೇರ ಅಡುಗೆಮನೆಗೆ ಬರುತ್ತಿತ್ತು. ಅವತ್ತು ಎರಡು ಲೋಟ ಕಾಫಿ ಮುಗಿಯುವಷ್ಟರಲ್ಲಿ ನಾವು ಆ ಚಿತ್ರ ಓದಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಕೆಳಗೆ ಬರುವ ಶೇಕಡಾಗಳು ಲೆಕ್ಕ ತೋರಿಸಲೆಂದು ನಾನು ದುಂಡಗೆ ಮಾಡಿ ಇಟ್ಟುಕೊಂಡವು, ಯಾವ ಊರಿನ ದಾಖಲೆಯೂ ಅಲ್ಲ. ಹೂವಿನ ಆಕಾರ ಮಾತ್ರ ನಮ್ಮ ಪಡುವಣ ಕರಾವಳಿಯದೇ. ಕಡಲು ಪಶ್ಚಿಮಕ್ಕೆ, ಘಟ್ಟ ಪೂರ್ವಕ್ಕೆ.

ಮೊದಲು ಎಸಳಿನ ದಿಕ್ಕು

ವಿಂಡ್ ರೋಸಿನಲ್ಲಿ ಎಸಳು ಚಾಚಿರುವುದು ಗಾಳಿ ಬರುವ ದಿಕ್ಕಿಗೆ. ಹೋಗುವ ದಿಕ್ಕಿಗಲ್ಲ. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ನಮ್ಮ ಮಾತಿನಲ್ಲೇ ಇದೆ. ಪಡುವಣ ಗಾಳಿ ಎಂದರೆ ಪಡುವಲಿನಿಂದ ಬಂದದ್ದು, ನೈಋತ್ಯ ಮಾರುತ ಎಂದರೆ ನೈಋತ್ಯದಿಂದ ಬಂದದ್ದು. ಚಿತ್ರದಲ್ಲಿ ಎಡಕ್ಕೆ ಚಾಚಿದ ಎಸಳಿಗೆ ಪಡುವಣ ಗಾಳಿ ಎಂದು ಹೆಸರಿಟ್ಟು ಓದಿದರೆ ತಪ್ಪಾಗುವುದಿಲ್ಲ. ಎಸಳಿನ ತುದಿಯಲ್ಲಿ ನಿಂತು ನಡುವಿನ ಕಡೆ ಮುಖ ಮಾಡಿ, ಗಾಳಿ ನಿಮ್ಮ ಬೆನ್ನಿನಿಂದ ಬಂದು ನಡುವಿನತ್ತ ಹೋಗುತ್ತದೆ.

ಸಾಮಾನ್ಯವಾಗಿ 16 ಎಸಳು ಇರುತ್ತವೆ, ಒಂದೊಂದು 22.5 ಡಿಗ್ರಿ ಅಗಲ. ಎಂಟು ದಿಕ್ಕುಗಳ ಹೆಸರು ನಮಗೆ ಗೊತ್ತೇ ಇದೆ. ಅವುಗಳ ನಡುವಿನವನ್ನು ಪಶ್ಚಿಮ-ವಾಯವ್ಯ, ಪೂರ್ವ-ಈಶಾನ್ಯ ಎಂದು ಜೋಡಿಸಿ ಹೇಳಿದರೆ ಸಾಕು. ಉತ್ತರ ಯಾವಾಗಲೂ ಮೇಲೆ.

ಇಲ್ಲಿ ಒಂದು ಸಣ್ಣ ಕೆಲಸ ಮಾಡಿಕೊಳ್ಳಿ. ಚಿತ್ರದ ನಡುವೆ ಹಾದು ಹೋಗುವಂತೆ ಕರಾವಳಿಯ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ. ಕರ್ನಾಟಕದ ಕರಾವಳಿ ನೆಟ್ಟಗೆ ಉತ್ತರ-ದಕ್ಷಿಣವಾಗಿಲ್ಲ. ಮೇಲಿನ ತುದಿ ಸ್ವಲ್ಪ ಎಡಕ್ಕೆ, ಕೆಳಗಿನ ತುದಿ ಸ್ವಲ್ಪ ಬಲಕ್ಕೆ ವಾಲಿದೆ. ಗೆರೆಯ ಎಡಗಡೆಯ ಎಸಳುಗಳೆಲ್ಲ ಕಡಲಿಂದ ಬಂದ ಗಾಳಿ, ಬಲಗಡೆಯವು ನೆಲದಿಂದ ಬಂದದ್ದು. ಈ ಒಂದು ಗೆರೆ ಬಿದ್ದ ಕೂಡಲೇ ಹೂವು ಎರಡು ಭಾಗವಾಗಿ ಕಾಣುತ್ತದೆ, ಮುಂದಿನ ಓದೆಲ್ಲ ಇದರ ಮೇಲೇ ನಿಂತಿದೆ.

ಉದ್ದ ಎಂದರೆ ಎಷ್ಟು ಹೊತ್ತು, ಬಣ್ಣ ಎಂದರೆ ಎಷ್ಟು ಜೋರು

ನಡುವಿನಿಂದ ಹೊರಗೆ ಹಬ್ಬುವ ವೃತ್ತಗಳ ಮೇಲೆ 5%, 10%, 15% ಎಂದು ಬರೆದಿರುತ್ತದೆ. ಎಸಳು ಎಲ್ಲಿಗೆ ಮುಟ್ಟಿತೋ ಅಷ್ಟು ಪಾಲು ಹೊತ್ತು ಆ ದಿಕ್ಕಿನಿಂದ ಗಾಳಿ ಬಂದಿದೆ. ವರ್ಷಕ್ಕೆ 8,760 ಗಂಟೆ, ಹಾಗಾಗಿ 1% ಎಂದರೆ ಸುಮಾರು 88 ಗಂಟೆ. ಶೇಕಡಾವನ್ನು ಗಂಟೆಗೆ ತಿರುಗಿಸಿದಾಗಲೇ ಮಾತು ಕೈಗೆ ಸಿಗುವುದು. ಅಣ್ಣನ ಚಿತ್ರದ ಪಶ್ಚಿಮದ ಎಸಳು 17% ಎಂದುಕೊಳ್ಳೋಣ. ಅದು 1,489 ಗಂಟೆ, ಒಟ್ಟುಗೂಡಿಸಿದರೆ 62 ದಿನ. ಪೂರ್ವದ ಎಸಳು 7%, ಅಂದರೆ 613 ಗಂಟೆ.

ಎಸಳಿನೊಳಗಿನ ಬಣ್ಣದ ತುಂಡುಗಳು ವೇಗದ ಮಟ್ಟಗಳು. ಪಶ್ಚಿಮದ 17ರಲ್ಲಿ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆಯದು 2, 2ರಿಂದ 4 ಮೀಟರಿನದು 5, 4ರಿಂದ 6ರದು 6, 6ರಿಂದ 8ರದು 3, ಅದಕ್ಕಿಂತ ಜೋರಾದದ್ದು 1. ಪೂರ್ವದ 7ರಲ್ಲಿ 4 ಪಾಲು 2 ಮೀಟರಿಗಿಂತ ಕಡಿಮೆ, ಉಳಿದ 3 ಪಾಲು 2ರಿಂದ 4ರೊಳಗೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಪಡುವಣ ಗಾಳಿ ಹೆಚ್ಚು ಹೊತ್ತು ಬೀಸುವುದಷ್ಟೇ ಅಲ್ಲ, ಬೇರೆ ಜಾತಿಯ ಗಾಳಿಯೇ ಹೌದು. ಮೂಡಣದ್ದು ನಿದ್ದೆಗಣ್ಣಿನ ಗಾಳಿ.

ಪ್ರತಿ ತುಂಡನ್ನು ಅದು ಶುರುವಾಗುವ ಜಾಗದಿಂದ ಮುಗಿಯುವ ಜಾಗದವರೆಗೆ ಅಳೆಯಿರಿ, ನಡುವಿನಿಂದಲ್ಲ. ಎಸಳು ಹೊರಗೆ ಹೋದಂತೆ ಅಗಲವಾಗುವ ಚಿತ್ರಗಳಲ್ಲಿ ಕಣ್ಣು ಮೋಸ ಹೋಗುತ್ತದೆ. ತುದಿಯ ಕೆಂಪು ತುಂಡು ಒಳಗಿನ ನೀಲಿ ತುಂಡಿನಷ್ಟೇ ಉದ್ದವಿದ್ದರೂ ಜಾಗ ಹೆಚ್ಚು ತುಂಬುವುದರಿಂದ ಜೋರು ಗಾಳಿ ಬಹಳ ಇದ್ದಂತೆ ಅನ್ನಿಸುತ್ತದೆ. ಲೆಕ್ಕಕ್ಕೆ ಬರುವುದು ಉದ್ದ ಮಾತ್ರ.

ವೇಗ ಯಾವ ಅಳತೆಯಲ್ಲಿದೆ ಎಂದು ಮೂಲೆಯಲ್ಲಿ ನೋಡಿ. ಸೆಕೆಂಡಿಗೆ 1 ಮೀಟರ್ ಎಂದರೆ ಗಂಟೆಗೆ 3.6 ಕಿ.ಮೀ. ವಿಮಾನ ನಿಲ್ದಾಣದ ಅಂಕಿಗಳಾದರೆ ನಾಟ್‌ನಲ್ಲಿರುತ್ತವೆ, 1 ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. 10 ಎಂಬ ಅಂಕಿ ಒಂದರಲ್ಲಿ ಮರ ಅಲ್ಲಾಡಿಸುವ ಗಾಳಿ, ಇನ್ನೊಂದರಲ್ಲಿ ಬರೀ ತಂಗಾಳಿ.

ನಡುವಿನ ಸೊನ್ನೆಯ ಲೆಕ್ಕ

ನಡುವೆ ಅಥವಾ ಕೆಳಗೆ ಕಾಮ್ ಎಂದು ಒಂದು ಶೇಕಡಾ ಇರುತ್ತದೆ. ಗಾಳಿ ನಿಂತಿದ್ದ ಹೊತ್ತು ಅದು. ನಮ್ಮ ಲೆಕ್ಕದಲ್ಲಿ 8%. ಎಲ್ಲ ಎಸಳು ಕೂಡಿಸಿ: ಪಶ್ಚಿಮ 17, ಪಶ್ಚಿಮ-ವಾಯವ್ಯ 15, ವಾಯವ್ಯ 12, ಪಶ್ಚಿಮ-ನೈಋತ್ಯ 8, ನೈಋತ್ಯ 5, ಆಮೇಲೆ ಪೂರ್ವ 7, ಪೂರ್ವ-ಈಶಾನ್ಯ 6, ಈಶಾನ್ಯ 5, ಪೂರ್ವ-ಆಗ್ನೇಯ 4, ಉಳಿದ ಏಳು ಸೇರಿ 13. ಒಟ್ಟು 92. ಇದಕ್ಕೆ 8 ಸೇರಿಸಿದರೆ 100 ಆಯಿತು. ಎಸಳುಗಳೇ 100 ಆಗಿಬಿಟ್ಟರೆ ಚಿತ್ರ ಮಾಡಿದವರು ನಿಂತ ಗಾಳಿಯನ್ನು ಕೈಬಿಟ್ಟಿದ್ದಾರೆ, ಇಲ್ಲವೇ ಎಲ್ಲ ದಿಕ್ಕಿಗೂ ಹಂಚಿದ್ದಾರೆ ಎಂದರ್ಥ. ವಾಸನೆಯ ವಿಷಯದಲ್ಲಿ ಇದು ದೊಡ್ಡ ನಷ್ಟ. ಗಾಳಿ ನಿಂತ ಹೊತ್ತಿನಲ್ಲಿ ವಾಸನೆ ಎಲ್ಲಿಗೂ ಹೋಗದೆ ಅಂಗಳದಲ್ಲೇ ಕೂರುತ್ತದೆ.

ವರ್ಷದ ಹೂವನ್ನು ಬಿಡಿಸಿ ನೋಡುವುದು

ಇಲ್ಲಿಯವರೆಗೆ ಓದಿದ್ದರಲ್ಲಿ ಅಣ್ಣ ಒಂದು ತೀರ್ಮಾನಕ್ಕೆ ಬಂದಾಗಿತ್ತು. "ಗಾಳಿ ಪಡುವಲಿಂದ ಬರುತ್ತೆ. ಹಾಗಾದ್ರೆ ಅಟ್ಟ ಮನೆ ಹಿಂದೆ, ಪೂರ್ವಕ್ಕೆ." ವರ್ಷದ ಚಿತ್ರವೂ ಅದನ್ನೇ ಹೇಳುವಂತಿತ್ತು. ಅಟ್ಟ ಪಶ್ಚಿಮದಲ್ಲಿದ್ದರೆ ವಾಸನೆ ಮನೆಗೆ ತರುವುದು ಪಶ್ಚಿಮದ ಎಸಳು ಮತ್ತು ಅದರ ಎರಡು ಪಕ್ಕದವು, ಸೇರಿ 40%. ಅಟ್ಟ ಪೂರ್ವದಲ್ಲಿದ್ದರೆ ಪೂರ್ವದ ಮೂರು ಎಸಳು, 17%.

ಆದರೆ ನಾನು ಕೇಳಿದ್ದು, "ಅಣ್ಣ, ಮಳೆಗಾಲದಲ್ಲಿ ಮೀನು ಒಣಗಿಸ್ತೀರಾ?"

"ಮಳೆಗಾಲದಲ್ಲಿ ಏನು ಒಣಗುತ್ತೆ? ದೋಣಿನೇ ಇಳಿಯಲ್ಲ."

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಮೇಲೂ ಮಳೆ ಹಿಡಿದಿರುತ್ತದೆ. ಆದರೆ ವರ್ಷದ ವಿಂಡ್ ರೋಸಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳೂ ಸೇರಿವೆ, ಅಂದರೆ ಮೂರರಲ್ಲಿ ಒಂದು ಪಾಲು. ಆ ನಾಲ್ಕು ತಿಂಗಳು ಹಗಲೂ ರಾತ್ರಿಯೂ ಗಾಳಿ ಬಹುಪಾಲು ಕಡಲಿನಿಂದಲೇ ಬರುತ್ತದೆ. ಸಕಲೇಶಪುರದಲ್ಲಿ ನಾವು ಬಾಗಿಲು ಹಾಕಿಕೊಂಡು ಕೂರುವ ಮಳೆಗಾಳಿ ಅದೇ, ಘಟ್ಟ ಹತ್ತಿ ಬಂದದ್ದು.

ಮಳೆಗಾಲದಲ್ಲಿ ಪಶ್ಚಿಮದ ಮೂರು ಎಸಳು ಸೇರಿ 70%, ಪೂರ್ವದ ಮೂರು ಸೇರಿ 3% ಎಂದಿಟ್ಟುಕೊಳ್ಳಿ. ವರ್ಷದ 40ರಲ್ಲಿ ಮಳೆಗಾಲದ ಕೊಡುಗೆ 70ರ ಮೂರನೇ ಒಂದು, ಸುಮಾರು 23.3. ಉಳಿದದ್ದು 16.7. ಅದು ವರ್ಷದ ಮೂರನೇ ಎರಡು ಭಾಗದಲ್ಲಿ ಹರಡಿದ್ದು, ಹಾಗಾಗಿ ಒಂದೂವರೆಯಿಂದ ಗುಣಿಸಿದರೆ ಒಣಗಿಸುವ ಎಂಟು ತಿಂಗಳ ಲೆಕ್ಕ ಸಿಗುತ್ತದೆ: 25%. ಪೂರ್ವಕ್ಕೆ ಇದೇ ಲೆಕ್ಕ ಮಾಡಿ. 17ರಲ್ಲಿ 1 ಕಳೆದು 16, ಒಂದೂವರೆಯಿಂದ ಗುಣಿಸಿದರೆ 24%.

40ಕ್ಕೆ 17 ಎಂದು ಕಾಣುತ್ತಿದ್ದದ್ದು 25ಕ್ಕೆ 24 ಆಯಿತು. ಅಣ್ಣನಿಗೆ ಬೇಕಾದ ತಿಂಗಳುಗಳಲ್ಲಿ ಪೂರ್ವವೂ ಪಶ್ಚಿಮವೂ ಸಮ. ಬೇರೆ ಬೇರೆ ತಿಂಗಳ ಚಿತ್ರಗಳು ಸಿಕ್ಕಿದರೆ ಈ ಲೆಕ್ಕದ ಗೋಜೇ ಬೇಡ, ನೇರವಾಗಿ ಅಕ್ಟೋಬರ್‌ನಿಂದ ಮೇವರೆಗಿನದನ್ನು ತೆಗೆಸಿ ನೋಡಿ.

ಇನ್ನೂ ಒಂದು ಬಿಡಿಸುವಿಕೆ ಬಾಕಿ ಇದೆ, ಕರಾವಳಿಯಲ್ಲಿ ಅದೇ ಮುಖ್ಯ. ಈ ಎಂಟು ತಿಂಗಳಲ್ಲಿ ಪಡುವಣ ಗಾಳಿಯೂ ಮೂಡಣ ಗಾಳಿಯೂ ಬೇರೆ ಬೇರೆ ದಿನ ಬೀಸುವುದಿಲ್ಲ, ಒಂದೇ ದಿನ ಸರದಿ ಹಂಚಿಕೊಳ್ಳುತ್ತವೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಗಾಳಿ ಹಗುರಾಗಿ ಏರಿ, ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕಡಲಗಾಳಿ ಒಳಗೆ ಬರುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಜೋರು, ಸೂರ್ಯ ಮುಳುಗಿದ ಮೇಲೆ ಸೋಲುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ತಿರುಗುಮುರುಗಾಗಿ ನೆಲದಿಂದ ಕಡಲಿಗೆ, ನಿಧಾನವಾಗಿ, ಬೆಳಗಿನವರೆಗೆ. ವರ್ಷದ ಹೂವಿನಲ್ಲಿ ಎದುರುಬದುರು ಎಸಳು ಕಂಡರೆ ಮೊದಲು ಈ ಸರದಿಯನ್ನೇ ಸಂಶಯಿಸಬೇಕು. ಎರಡನ್ನೂ ಕೂಡಿಸಿ ಸರಾಸರಿ ದಿಕ್ಕು ತೆಗೆದರೆ ಯಾವತ್ತೂ ಬೀಸದ ಗಾಳಿ ಒಂದು ಸಿಗುತ್ತದೆ.

ಭಾರತೀಯ ಹವಾಮಾನ ಇಲಾಖೆಯ ದೀರ್ಘಕಾಲದ ಕೋಷ್ಟಕಗಳು ಬೆಳಿಗ್ಗೆ 8:30 ಮತ್ತು ಸಂಜೆ 5:30ರ ವೀಕ್ಷಣೆಗಳನ್ನು ಬೇರೆಬೇರೆಯಾಗಿ ಕೊಡುತ್ತವೆ. ಕರಾವಳಿಯ ಮಟ್ಟಿಗೆ ಇದು ವರ. ಬೆಳಗಿನದರಲ್ಲಿ ನೆಲಗಾಳಿ, ಸಂಜೆಯದರಲ್ಲಿ ಕಡಲಗಾಳಿ, ಎರಡೂ ಪಕ್ಕಪಕ್ಕದಲ್ಲಿ ಸಿಗುತ್ತವೆ. ಎರಡು ಚಿತ್ರ ಹೋಲಿಸುವಾಗ ಹೊರವೃತ್ತದ ಶೇಕಡಾ ಒಂದೇ ಇದೆಯೇ ನೋಡಿ. ತಂತ್ರಾಂಶಗಳು ಅತಿ ಉದ್ದದ ಎಸಳಿಗೆ ತಕ್ಕಂತೆ ವೃತ್ತ ಹಿಗ್ಗಿಸುತ್ತವೆ, ಹಾಗಾಗಿ ಒಂದರಲ್ಲಿ ಹೊರವೃತ್ತ 20%, ಇನ್ನೊಂದರಲ್ಲಿ 50% ಇರಬಹುದು.

ನೀವೇ ಗಂಟೆವಾರು ಅಂಕಿಗಳನ್ನು ಇಳಿಸಿಕೊಂಡರೆ ಸಮಯದ ಕಾಲಂ ನೋಡಿ. ಬಹುಪಾಲು ಅಂತರರಾಷ್ಟ್ರೀಯ ಸಮಯದಲ್ಲಿ, `UTC` ಎಂದಿರುತ್ತದೆ. ಅದಕ್ಕೆ ಐದೂವರೆ ಗಂಟೆ ಸೇರಿಸದೆ ಬಿಡಿಸಿದರೆ ಕಡಲಗಾಳಿ ಬೆಳಗಿನ ಐದಕ್ಕೇ ಎದ್ದಂತೆ ಕಾಣುತ್ತದೆ. ಅಷ್ಟು ಹೊತ್ತಿಗೆ ಕಡಲಗಾಳಿ ಕಂಡರೆ ನಿಮ್ಮ ಗಡಿಯಾರ ತಪ್ಪಿದೆ.

ಅಟ್ಟದ ಜಾಗ

ಪೂರ್ವಕ್ಕೆ ಹಾಕಿದರೆ ವಾಸನೆ ರಾತ್ರಿ ಮನೆಗೆ, ಪಶ್ಚಿಮಕ್ಕೆ ಹಾಕಿದರೆ ಹಗಲು ಮನೆಗೆ. ಹೊತ್ತು ಸಮವಾದರೂ ಎರಡೂ ಒಂದೇ ಅಲ್ಲ. ಒಂದೇ ಅಟ್ಟದಿಂದ ಏಳುವ ವಾಸನೆ ಜೋರು ಗಾಳಿಯಲ್ಲಿ ಹೆಚ್ಚು ಗಾಳಿಯೊಂದಿಗೆ ಬೆರೆತು ತೆಳುವಾಗುತ್ತದೆ. ಸೆಕೆಂಡಿಗೆ 5 ಮೀಟರಿನ ಗಾಳಿಗೆ ಹೋಲಿಸಿದರೆ 1 ಮೀಟರಿನ ಗಾಳಿಯಲ್ಲಿ ಅದು ಸುಮಾರು ಐದು ಪಟ್ಟು ಗಟ್ಟಿ. ಸಾಲದ್ದಕ್ಕೆ ರಾತ್ರಿ ತಂಪು ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ವಾಸನೆ ಮೇಲೇಳುವುದಿಲ್ಲ. ಬಣ್ಣದ ತುಂಡುಗಳನ್ನು ಓದಿದ್ದು ಇದಕ್ಕೇ ಉಪಯೋಗ. ಚಿಕ್ಕ ಎಸಳಿನ ಆ ನಿದ್ದೆಗಣ್ಣಿನ ಮೂಡಣ ಗಾಳಿಯೇ ಮಲಗಿದವರಿಗೆ ಹೆಚ್ಚು ಕಾಟ.

ಹಾಗಾದರೆ ಉಳಿದದ್ದು ಉತ್ತರ, ದಕ್ಷಿಣ. ವರ್ಷದ ಚಿತ್ರದಲ್ಲಿ ಉತ್ತರದ ಮೂರು ಎಸಳು 9%, ದಕ್ಷಿಣದ ಮೂರು 2%. ಮಳೆಗಾಲ ಬಿಡಿಸಿದ ಮೇಲೆ ಉತ್ತರದ್ದು 12ಕ್ಕೆ ಏರುತ್ತದೆ, ದಕ್ಷಿಣದ್ದು 2ರಲ್ಲೇ ನಿಲ್ಲುತ್ತದೆ. ಉತ್ತರ ಏರುವುದಕ್ಕೂ ಕಾರಣವಿದೆ. ಕಡಲಗಾಳಿ ಶುರುವಾಗುವಾಗ ಕರಾವಳಿಗೆ ನೇರವಾಗಿ ಬಂದರೂ, ಭೂಮಿ ತಿರುಗುವ ಪರಿಣಾಮದಿಂದ ಮಧ್ಯಾಹ್ನ ಕಳೆದಂತೆ ಬಲಕ್ಕೆ ಹೊರಳುತ್ತದೆ. ಪಶ್ಚಿಮದಿಂದ ಬರುತ್ತಿದ್ದದ್ದು ವಾಯವ್ಯದಿಂದ ಬರತೊಡಗುತ್ತದೆ. ರಾತ್ರಿಯದು ಪೂರ್ವ, ಈಶಾನ್ಯಗಳಿಂದ. ಹಗಲಿನ ಗಾಳಿ ವಾಸನೆಯನ್ನು ಆಗ್ನೇಯಕ್ಕೆ ಒಯ್ಯುತ್ತದೆ, ರಾತ್ರಿಯದು ಪಶ್ಚಿಮ ಅಥವಾ ನೈಋತ್ಯಕ್ಕೆ. ಅಟ್ಟ ಮನೆಯ ದಕ್ಷಿಣಕ್ಕಿದ್ದರೆ ಎರಡೂ ಹೊತ್ತು ವಾಸನೆ ಮನೆ ಬಿಟ್ಟು ಹೋಗುತ್ತದೆ.

"ದಕ್ಷಿಣಕ್ಕೆ ಏನಿದೆ ಅಣ್ಣ?"

"ತೆಂಗಿನ ತೋಟ. ಯಾರೂ ಇಲ್ಲ."

ವಿಂಡ್ ರೋಸ್ ಓದುವಾಗ ಮನೆಯವರಿಗೆ ಒಳ್ಳೆಯದಾದ ಜಾಗ ಪಕ್ಕದವರ ಹಾಸಿಗೆಮನೆಯ ನೇರಕ್ಕೆ ಬರುವುದುಂಟು, ಹಾಗಾಗಿ ಈ ಪ್ರಶ್ನೆ ಕೇಳಲೇಬೇಕು.

ಚಿತ್ರವೇ ತಪ್ಪಾಗಿದ್ದರೆ

ನಾನು ಹೆಚ್ಚಾಗಿ ಕಂಡ ದೋಷಗಳು ಮೂರು.

ಒಂದು, ಉತ್ತರಕ್ಕೆ ಒಂಟಿ ಎಸಳು ಎದ್ದು ನಿಂತು, ಅದರಲ್ಲಿ ಬರೀ ಕಡಿಮೆ ವೇಗದ ಬಣ್ಣ ಇರುವುದು. ವಿಮಾನ ನಿಲ್ದಾಣದ ವರದಿಗಳಲ್ಲಿ ನಿಂತ ಗಾಳಿಯನ್ನು `00000KT` ಎಂದೂ, ನಿಜವಾದ ಉತ್ತರದ ಗಾಳಿಯನ್ನು `36005KT` ಎಂಬಂತೆಯೂ ಬರೆಯುತ್ತಾರೆ. ಮೊದಲ ಮೂರು ಅಂಕಿ ದಿಕ್ಕು, ಮುಂದಿನ ಎರಡು ವೇಗ. ಸೊನ್ನೆ ವೇಗದವನ್ನು ಬೇರ್ಪಡಿಸದೆ ಚಿತ್ರ ಮಾಡಿದರೆ ದಿಕ್ಕು 000 ಎಂಬುದು ಉತ್ತರ ಎಂದಾಗಿ, ನಿಂತ ಗಾಳಿಯೆಲ್ಲ ಅಲ್ಲಿ ರಾಶಿ ಬೀಳುತ್ತದೆ. ಕಾಮ್ ಶೇಕಡಾ ಸೊನ್ನೆ ಇದ್ದರೆ ಖಾತ್ರಿ.

ಎರಡು, ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ನಾಲ್ಕೂ ಎಸಳು ಪಕ್ಕದವಕ್ಕಿಂತ ಒಂದೇ ರೀತಿ ಉದ್ದವಾಗಿ, ಹೂವು ಶಿಲುಬೆಯಂತೆ ಕಾಣುವುದು. ಅದೇ ವರದಿಗಳಲ್ಲಿ ದಿಕ್ಕನ್ನು ಹತ್ತು ಹತ್ತು ಡಿಗ್ರಿಗೆ ದುಂಡಗೆ ಮಾಡಿರುತ್ತಾರೆ. 36 ದಿಕ್ಕುಗಳನ್ನು 16 ಎಸಳಿಗೆ ಹಂಚಿದಾಗ ಪಶ್ಚಿಮಕ್ಕೆ 260, 270, 280 ಎಂದು ಮೂರು ಬೀಳುತ್ತವೆ, ಪಕ್ಕದ ಪಶ್ಚಿಮ-ವಾಯವ್ಯಕ್ಕೆ 290, 300 ಎಂದು ಎರಡೇ. ಗಾಳಿ ಸಮವಾಗಿ ಬೀಸಿದ್ದರೂ ನಾಲ್ಕು ಮೂಲ ದಿಕ್ಕುಗಳಿಗೆ ಒಂದೂವರೆ ಪಟ್ಟು ಪಾಲು. ಅದೇ ಅಂಕಿಗಳಿಂದ 12 ಅಥವಾ 36 ಎಸಳಿನ ಚಿತ್ರ ತೆಗೆಸಿದರೆ ಸರಿಹೋಗುತ್ತದೆ.

ಮೂರನೆಯದು ಅಂಕಿಯ ತಪ್ಪಲ್ಲ, ಜಾಗದ್ದು. ಮಂಗಳೂರಿನ ವಿಮಾನ ನಿಲ್ದಾಣ ಬಜ್ಪೆಯ ಗುಡ್ಡದ ಮೇಲೆ, ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿದೆ, ಪಣಂಬೂರು ಕಡಲ ದಡದಲ್ಲೇ. ಎರಡರ ಗಾಳಿ ಒಂದೇ ಆಗುವುದಿಲ್ಲ. ಗಾಳಿಯನ್ನು ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯುವುದು ವಾಡಿಕೆ. ಅಣ್ಣನ ಅಟ್ಟ ಸೊಂಟದೆತ್ತರ, ಸುತ್ತ ಮರ. ಅಲ್ಲಿ ವೇಗ ಚಿತ್ರದಲ್ಲಿದ್ದದ್ದಕ್ಕಿಂತ ಕಡಿಮೆ ಎಂದೇ ಹಿಡಿಯಬೇಕು. ಪರಿಸರ ವರದಿಗಳಲ್ಲಿ ಸಿಗುವ ವಿಂಡ್ ರೋಸ್‌ಗಳು ಬಹಳ ಸಲ ಒಂದೇ ಋತುವಿನ ಮೂರು ತಿಂಗಳವು, ಮೂಲೆಯ ತಾರೀಕು ನೋಡದೆ ವರ್ಷದ್ದೆಂದು ನಂಬಬೇಡಿ.

ಅಣ್ಣ ಇನ್ನೊಂದು ಕೇಳಿದರು. ಶೆಡ್ಡಿನ ಶೀಟು ಎಷ್ಟು ಗಟ್ಟಿ ಬೇಕೆಂದು ಇದರಲ್ಲಿ ಗೊತ್ತಾಗುತ್ತದೆಯೇ? ಇಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಹತ್ತಿರ ಹಾದು ಹೋಯಿತು. ಅಂಥದ್ದು ಒಂದು ಇಡೀ ದಿನ ಬಡಿದರೂ 8,760ರಲ್ಲಿ 24 ಗಂಟೆ, 0.27%. ಹೂವಿನಲ್ಲಿ ಅದು ಕೂದಲೆಳೆಯಷ್ಟೂ ಕಾಣದು. ಶೀಟು, ಬೋಲ್ಟಿನ ಲೆಕ್ಕಕ್ಕೆ ಭಾರತೀಯ ಮಾನಕ `IS 875 Part 3` ಇದೆ. ಅದರಲ್ಲಿ ಮಂಗಳೂರಿಗೆ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33.

ಜಾಗದಲ್ಲೇ ತಾಳೆ ನೋಡುವುದು

ಅಟ್ಟ ಕಟ್ಟುವ ಮುಂಚೆ ಹದಿನೈದು ದಿನ ಒಂದು ಕೆಲಸ ಮಾಡಿಸಿದೆ. ಅಟ್ಟ ಬರುವ ಜಾಗದಲ್ಲಿ ಬಿದಿರಿನ ಗಳ ನೆಟ್ಟು ತುದಿಗೆ ಹಗುರ ಬಟ್ಟೆಯ ಪಟ್ಟಿ ಕಟ್ಟುವುದು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಗಂಟೆಗೆ ಪಟ್ಟಿ ಯಾವ ಕಡೆ ಹಾರುತ್ತಿದೆ ಎಂದು ಕೆಲಸದವರು ಬರೆಯುವುದು. ಪಟ್ಟಿ ಹಾರುವುದು ಗಾಳಿ ಹೋಗುವ ಕಡೆಗೆ, ಎಸಳು ಚಾಚುವುದು ಗಾಳಿ ಬರುವ ಕಡೆಗೆ. ಹಾಗಾಗಿ ಬರೆದದ್ದನ್ನು ತಿರುಗಿಸಿ ಓದಬೇಕು. ಪಟ್ಟಿ ಸುಮ್ಮನೆ ಇಳಿಬಿದ್ದಿದ್ದರೆ ನಿಂತಿದೆ ಎಂದು ಬರೆಯುವುದು, ಊಹಿಸಿ ದಿಕ್ಕು ಹಾಕುವುದಲ್ಲ. ಐದು ಹೊತ್ತು, ಹದಿನೈದು ದಿನ, 75 ಗುರುತು. ವರ್ಷದ ಚಿತ್ರ ಮಾಡಲು ಇದು ಸಾಲದು, ಆದರೆ ಬಿಡಿಸಿಕೊಂಡ ಹೂವು ಈ ಜಾಗಕ್ಕೆ ಹೊಂದುತ್ತದೆಯೇ ಎಂದು ತಿಳಿಯಲು ಸಾಕು.

ಮಧ್ಯಾಹ್ನ ಎರಡರ ಮತ್ತು ಬೆಳಗಿನ ಆರರ ಗುರುತುಗಳು ಚೆನ್ನಾಗಿ ಹೊಂದಿದವು. ಹೊಂದದೆ ಹೋದದ್ದು ಹತ್ತು ಗಂಟೆಯದು. ಅರ್ಧಕ್ಕರ್ಧ ದಿನ ಪಟ್ಟಿ ಇಳಿಬಿದ್ದಿತ್ತು. ನೆಲಗಾಳಿ ಸೋತು ಕಡಲಗಾಳಿ ಏಳುವ ನಡುವಿನ ಬಿಡುವು ಅದು, ಅದಕ್ಕೆ ತೆಂಗಿನ ತೋಟದ ಮರೆಯೂ ಸೇರಿದೆ. ಅಣ್ಣ ಹಸಿಮೀನು ಹರಡುತ್ತಿದ್ದದ್ದು ಸರಿಯಾಗಿ ಒಂಬತ್ತೂವರೆಗೆ. ಈಗ ಏಳಕ್ಕೇ ಹರಡುತ್ತಾರೆ, ಹತ್ತರ ಬಿಡುವಿನ ಹೊತ್ತಿಗೆ ಮೇಲಿನ ನೀರು ಅಷ್ಟಿಷ್ಟು ಆರಿರುತ್ತದೆ. ಅಟ್ಟಗಳನ್ನು ತೋಟದ ಬೇಲಿಯಿಂದ ಒಂದಿಷ್ಟು ಈಚೆಗೂ ತಂದರು.